ಇನ್ನೂರು ಪದಗಳೊಳಗೆ ಹನ್ನೆರಡು ಗಿಡ

ಡಾಕ್ಟರ್ ವ್ಯಾಸರಾಜರ ಪ್ರಬಂಧದ ಇಂಗ್ಲಿಷ್ ಸಾರಾಂಶದಲ್ಲಿ ಇನ್ನೂರ ಎಂಬತ್ತೇಳು ಪದಗಳಿದ್ದವು. ಜನವರಿಯ ವಿಜ್ಞಾನ ಸಮ್ಮೇಳನದವರು ಕೇಳಿದ್ದು ಇನ್ನೂರು. ಒಂದು ಪದ ಹೆಚ್ಚಾದರೂ ಓದದೆ ವಾಪಸು ಕಳಿಸುತ್ತೇವೆ ಎಂದು ಸುತ್ತೋಲೆಯಲ್ಲಿ ಅಡಿಗೆರೆ ಹಾಕಿ ಮುದ್ರಿಸಿದ್ದರು. ಗಡುವಿನೊಳಗೆ ಮುಟ್ಟಿಸುವ ಕೊನೆಯ ಟಪಾಲು ಸೀತಾಬರ್ಡಿ ಅಂಚೆ ಕಚೇರಿಯಿಂದ ಸಂಜೆ ಐದಕ್ಕೆ ಹೊರಡುತ್ತಿತ್ತು. ಈಗ ಹನ್ನೊಂದೂವರೆ.

“ಪದ ಎಣಿಸಿ ಸ್ವಲ್ಪ ಕಡಿಮೆ ಮಾಡಿಕೊಡಿ, ಅಷ್ಟೇ. ವಿಷಯ ಮುಟ್ಟಬೇಡಿ,” ಎಂದು ವ್ಯಾಸರಾಜರು ಹಾಳೆಯನ್ನು ನೀಲಾಂಬಿಕೆಯ ಮೇಜಿನ ಮೇಲಿಟ್ಟರು.

ನೀಲಾಂಬಿಕೆ ಧಾರವಾಡದ ಕಡೆಯವಳು. ಗಂಡನಿಗೆ ನಾಗಪುರದ ರೈಲ್ವೆ ಆಫೀಸಿಗೆ ವರ್ಗವಾದ ಮೇಲೆ ಕೃಷಿ ರಸಾಯನ ವಿಭಾಗದಲ್ಲಿ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದಳು. ಪ್ರತಿ ಮಾರ್ಚಿನಲ್ಲೂ ಆ ತಾತ್ಕಾಲಿಕವನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುತ್ತಿದ್ದವರು ಮೈಸೂರಿನ ವ್ಯಾಸರಾಜರೇ. ವಿಭಾಗದಲ್ಲಿ ಉಳಿದವರೆಲ್ಲ ಮರಾಠಿಯವರು. ಕನ್ನಡ ಮಾತಾಡಲು ವ್ಯಾಸರಾಜರಿಗೆ ಸಿಕ್ಕುತ್ತಿದ್ದವಳು ಇವಳೊಬ್ಬಳೇ ಆದ್ದರಿಂದ ಬೈಗುಳವೂ ಹೊಗಳಿಕೆಯೂ ಇವಳ ಪಾಲಿಗೇ ಬರುತ್ತಿದ್ದವು.

ಅವಳು ಪೆನ್ಸಿಲ್ ಹಿಡಿದು ಓದತೊಡಗಿದಳು. ಕಿತ್ತಳೆ ಗಿಡದ ಎಲೆ ಹಳದಿಯಾಗಿ ಸಣ್ಣದಾಗುವ ರೋಗಕ್ಕೆ ಜಿಂಕ್ ಸಲ್ಫೇಟ್ ಮತ್ತು ಸುಣ್ಣದ ನೀರು ಸಿಂಪಡಿಸಿದರೆ ರೋಗ ‘ಸಂಪೂರ್ಣ ಗುಣ’ವಾಗುತ್ತದೆ. ಇಳುವರಿ ‘ಇಮ್ಮಡಿ’ಯಾಗುತ್ತದೆ. ಪ್ರಾಂತದ ‘ಎಲ್ಲಾ ತೋಟಗಳಿಗೂ’ ಇದು ಅನ್ವಯ. ಇದೆಲ್ಲ ‘ದೇಶದಲ್ಲೇ ಮೊದಲ ಬಾರಿಗೆ’.

ಪ್ರಯೋಗ ನಡೆದ ಕಳಮೇಶ್ವರದ ಆ ಒಂದೇ ತೋಟಕ್ಕೆ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಎಲೆ ಅಳೆದು ಬಂದವಳು ಅವಳೇ. ಸಿಂಪಡಿಸಿದ ಗಿಡ ಹನ್ನೆರಡು, ಚಿಗುರು ಹಸಿರಾದದ್ದು ಒಂಬತ್ತರಲ್ಲಿ. ಹೋಲಿಕೆಗೆಂದು ಸಿಂಪಡಿಸದೆ ಬಿಟ್ಟ ಹನ್ನೆರಡರಲ್ಲಿ ನಾಲ್ಕು ತಾವಾಗಿಯೇ ಹಸಿರಾಗಿದ್ದವು. ಆ ನಾಲ್ಕು ಗಿಡಗಳು ಸಾರಾಂಶದಿಂದ ಮಾಯವಾಗಿದ್ದವು.

“ಸರ್, ಮೂರು ಗಿಡ ಗುಣ ಆಗಿಲ್ರಿ. ಸಂಪೂರ್ಣ ಅಂತ ಹೆಂಗ ಬರಿಯೂದು?”

“ಅವು ತಗ್ಗಿನಲ್ಲಿದ್ದವು ಕಣ್ರೀ, ಬುಡದಲ್ಲಿ ನೀರು ನಿಂತಿತ್ತು. ಅವನ್ನ ಲೆಕ್ಕಕ್ಕೆ ಹಿಡೀಬಾರದು.”

“ಹಂಗಾದ್ರ ನೀರು ನಿಂತಿತ್ತು ಅಂತ ಬರೀಬೇಕಲ್ರಿ.”

“ಬರೆದರೆ ಪದ ಜಾಸ್ತಿ ಆಗುತ್ತೆ!”

“ಇಳುವರಿ ಇಮ್ಮಡಿ ಅಂತದ. ಹಣ್ಣು ನಾವು ತೂಗೇ ಇಲ್ಲ. ತೂಗೂದರೊಳಗ ಗಾಂಧಿಬಾಗ್ ಪೇಟೆಯ ವ್ಯಾಪಾರಿ ಬಂದು ಕಿತ್ತುಕೊಂಡು ಹೋಗಿದ್ದ.”

“ತೋಟದ ದತ್ತು ಪಾಟೀಲ ಸ್ವತಃ ಹೇಳಿದನಲ್ಲ, ದುಪ್ಪಟ್ಟು ಅಂತ! ಅವನು ಹುಟ್ಟಿದ್ದೇ ಆ ತೋಟದಲ್ಲಿ.” ಸತ್ಯಕ್ಕೆ ಇದಕ್ಕಿಂತ ದೊಡ್ಡ ತಕ್ಕಡಿ ಬೇಕಿಲ್ಲ ಎಂಬಂತೆ ವ್ಯಾಸರಾಜರು ಕನ್ನಡಕ ಒರೆಸಿದರು. “ನಾನು ಒಂದು ಉಪಾಯ ಮಾಡಿದೀನಿ ನೋಡಿ. ಪದಗಳ ಮಧ್ಯೆ ಅಡ್ಡಗೆರೆ ಹಾಕಿದರೆ ನಾಲ್ಕು ಸೇರಿ ಒಂದಾಗುತ್ತೆ.”

ಹಾಗೆ ಅವರು ಹೊಲಿದಿದ್ದ ಒಂದು ಪದ ಸಾಲಿನ ಅರ್ಧದಷ್ಟು ಉದ್ದವಿತ್ತು. ನೀಲಾಂಬಿಕೆ ನಗು ತಡೆದುಕೊಂಡು ಸುತ್ತೋಲೆಯ ಹಿಂಬದಿ ತಿರುಗಿಸಿದಳು. ಅಡ್ಡಗೆರೆಯಿಂದ ಸೇರಿಸಿದ ಪದಗಳನ್ನು ಬಿಡಿಬಿಡಿಯಾಗಿ ಎಣಿಸಲಾಗುವುದು ಎಂದು ಅಲ್ಲಿತ್ತು. ಅಂಕಿಯೊಂದು ಒಂದೇ ಪದ ಎಂದೂ ಇತ್ತು.

“ಹಾಗಾದ್ರೆ ಎಷ್ಟಾಯ್ತು?”

“ಮುನ್ನೂರ ಹನ್ನೆರಡು ಆತ್ರಿ.”

ಗಿಡ ಗುಣವಾಗಲಿಲ್ಲ ಎಂದಾಗ ಕದಲದ ಮನುಷ್ಯ ಈಗ ಕುರ್ಚಿ ಎಳೆದುಕೊಂಡು ಕೂತರು. ಅವರು ಹೆದರುವುದು ಸುಳ್ಳಿಗಲ್ಲ, ಸುತ್ತೋಲೆಗೆ ಎಂಬುದು ಆಗ ನೀಲಾಂಬಿಕೆಗೆ ಹೊಳೆಯಿತು. ನಿಜದ ಮಾತನ್ನು ಅಲ್ಲಿಗೇ ಬಿಟ್ಟು ಲೆಕ್ಕದ ಮಾತು ತೆಗೆದಳು.

“ಸರ್, ‘ಸಂಪೂರ್ಣ ಗುಣ’ದ ವಾಕ್ಯಕ್ಕ ಮೂವತ್ತೊಂದು ಪದ ಹೋಗ್ಯಾವ. ‘ಸಿಂಪಡಿಸಿದ 12ರಲ್ಲಿ 9, ಸಿಂಪಡಿಸದ 12ರಲ್ಲಿ 4’ ಅಂದ್ರ ಹದಿನೈದರಾಗ ಮುಗಿತದ. ಹದಿನಾರು ಉಳೀತು.”

“ಹದಿನಾರು? ಹಾಕಿ.”

“‘ಎಲ್ಲಾ ತೋಟ’ದ ವಾಕ್ಯ ಇಪ್ಪತ್ತೆಂಟು. ತೆಗೆದ್ರ ಪೂರಾ ಉಳೀತಾವ.”

ಅವರು ತುಟಿ ಕಚ್ಚಿದರು. “ತೆಗೀರಿ.”

“ಇಮ್ಮಡಿ ಇಳುವರಿ, ಇಪ್ಪತ್ತೆರಡು.”

ಇದಕ್ಕೆ ಅವರು ಕಿಟಕಿಯ ಕಡೆ ತಿರುಗಿ, ಹತ್ತಿರದ ನೆಂಟರನ್ನು ಸ್ಟೇಷನ್ನಿನಲ್ಲಿ ಬೀಳ್ಕೊಡುವವರಂತೆ ಕೈಯಾಡಿಸಿದರು.

ಎರಡು ಗಂಟೆಯ ಹೊತ್ತಿಗೆ ವಿಶೇಷಣಗಳೆಲ್ಲ ಉದುರಿ ಹಾಳೆ ಹಗುರಾಯಿತು. ನೂರ ಅರವತ್ನಾಲ್ಕು ಪದಗಳು. ಏನು ಮಾಡಿದರು, ಎಷ್ಟು ಗಿಡಕ್ಕೆ ಮಾಡಿದರು, ಏನು ಕಂಡಿತು ಎಂಬುದು ಈಗ ಕಳಮೇಶ್ವರ ನೋಡದವರಿಗೂ ತಿಳಿಯುವಂತಿತ್ತು. ಆದರೆ ವ್ಯಾಸರಾಜರಿಗೆ ಹೊಸ ಚಿಂತೆ ಹತ್ತಿತು.

“ಮೂವತ್ತಾರು ಪದ ಖಾಲಿ ಬಿಟ್ಟರೆ ಕೆಲಸವೇ ಕಮ್ಮಿ ಮಾಡಿದ ಹಾಗೆ ಕಾಣುತ್ತಲ್ಲ! ‘ದೇಶದಲ್ಲೇ ಮೊದಲು’ ಅನ್ನೋದನ್ನ ವಾಪಸು ಹಾಕಿ.”

“ಅದಕ್ಕ ಆಧಾರ ಕೊಡಬೇಕಾಗ್ತದ್ರಿ. ಹಿಂದ ಯಾರು ಏನು ಮಾಡ್ಯಾರ ಅಂತ ಬರಿಯೂದಕ್ಕ ಐವತ್ತಾದರೂ ಬೇಕು.” ನೋಟ್‌ಬುಕ್ಕಿನಿಂದ ಒಂದು ಚೀಟಿ ತೆಗೆದು, “ಮೂವತ್ತನಾಕು ಪದದ್ದು ಒಂದು ನನ್ನ ಹತ್ರ ತಯಾರದ,” ಎಂದಳು.

ಓದಿದಳು: ಪ್ರಯೋಗ ನಡೆದದ್ದು ಒಂದೇ ತೋಟದಲ್ಲಿ, ಕಪ್ಪು ಮಣ್ಣಿನಲ್ಲಿ, ಒಂದೇ ಹಂಗಾಮಿನಲ್ಲಿ. ಗುಣವಾಗದ ಮೂರು ಗಿಡಗಳ ಬುಡದಲ್ಲಿ ನೀರು ನಿಂತಿತ್ತು. ಅದೇ ಕಾರಣವೋ ಎಂಬುದನ್ನು ಪರೀಕ್ಷಿಸಿಲ್ಲ. ಇಳುವರಿ ತೂಗಿಲ್ಲ.

“ಇದು ನನ್ನ ಮರ್ಯಾದೆ ತೆಗೆಯೋ ವಾಕ್ಯ ಕಣ್ರೀ.”

“ಒಟ್ಟು ನೂರ ತೊಂಬತ್ತೆಂಟು ಆಗ್ತದ್ರಿ. ಬರೋಬರ್ ಕೂಡತದ.”

ವ್ಯಾಸರಾಜರು ತಾವೇ ಮತ್ತೊಮ್ಮೆ ಎಣಿಸಿದರು. ನೂರ ತೊಂಬತ್ತೆಂಟೇ. ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು, ಸಹಿ ಹಾಕಿದರು. ಮಾರ್ಚಿನ ಕಾಗದಕ್ಕೂ ಈ ಮನುಷ್ಯ ಇದೇ ಪೆನ್ನು ಎತ್ತಬೇಕಲ್ಲ ಎಂದು ನೀಲಾಂಬಿಕೆಗೆ ಆಗ ನೆನಪಾಯಿತು. ಲಕೋಟೆ ಅಂಟಿಸಿ, ಯಾರ ಕೈಗೂ ಕೊಡದೆ, ತಾನೇ ಟಾಂಗಾ ಹಿಡಿದು ಟಪಾಲಿಗೆ ಹಾಕಿ ಬಂದಳು.

ನವೆಂಬರಿನಲ್ಲಿ ಉತ್ತರ ಬಂತು. ಪ್ರಬಂಧ ಸ್ವೀಕೃತವಾಗಿತ್ತು. ಕೆಳಗೆ ಸಮ್ಮೇಳನದ ಕಾರ್ಯದರ್ಶಿ ಕೈಯಾರೆ ಬರೆದಿದ್ದರು: ತಮ್ಮ ಕೆಲಸದ ಮಿತಿಯನ್ನು ಇಷ್ಟು ನಿರ್ಭಯವಾಗಿ ಹೇಳಿಕೊಂಡವರು ಈ ಸಲ ತಾವೊಬ್ಬರೇ, ತಮ್ಮ ಸಾರಾಂಶವನ್ನು ಬೇರೆ ಲೇಖಕರಿಗೆ ಮಾದರಿಯಾಗಿ ಕಳಿಸಲು ಅನುಮತಿ ಕೊಡಬೇಕು.

ವ್ಯಾಸರಾಜರು ಆ ಪತ್ರವನ್ನು ವಿಭಾಗದವರನ್ನೆಲ್ಲ ನಿಲ್ಲಿಸಿಕೊಂಡು ಓದಿದರು. “ಮಿತಿ ಹೇಳಿಕೊಳ್ಳೋಕೆ ಎದೆಗಾರಿಕೆ ಬೇಕು,” ಎಂದರು. ಮಧ್ಯಾಹ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿದರು. ಮಾರನೆಯ ದಿನ ನೀಲಾಂಬಿಕೆಗೇ ಹೇಳಿದರು: “ನೀವೂ ಇದನ್ನ ರೂಢಿಸಿಕೊಳ್ಳಬೇಕು ಕಣ್ರೀ.” ಅವಳು “ಹೂಂ ಸರ್” ಎಂದು ಗಾಜಿನ ಕೊಳವೆ ತೊಳೆಯುತ್ತ ಬೆನ್ನು ತಿರುಗಿಸಿ ನಿಂತಳು. ಸಿಟ್ಟು ಬರಬೇಕಿತ್ತು, ಬಂದದ್ದು ನಗು.

ಡಿಸೆಂಬರಿನಲ್ಲಿ ಅವರು ಇನ್ನೊಂದು ಸಮ್ಮೇಳನಕ್ಕೆ ಹತ್ತಿ ಹೊಲದ ಗೊಬ್ಬರದ ಕುರಿತು ಹೊಸ ಸಾರಾಂಶ ಬರೆದು ತಂದರು. ಎಣಿಸಿ ಬರೆದಿದ್ದರು, ಸರಿಯಾಗಿ ಇನ್ನೂರು. ನೀಲಾಂಬಿಕೆ ಓದಿದಳು. ಹೊಲ ಒಂದೇ. ಮಳೆ ಆ ವರ್ಷ ಅಕಾಲಿಕ. ತಕ್ಕಡಿ ಹಳೆಯದು. ಕೂಲಿಯವರು ಕಾಯಿ ಎಣಿಸುವಾಗ ಮಾತಾಡುತ್ತಿದ್ದರು. ಲೇಖಕನ ದೃಷ್ಟಿಯೂ ಇತ್ತೀಚೆಗೆ ಮಂದವಾಗಿದೆ. ಕೊನೆಯ ಪದದವರೆಗೂ ಹುಡುಕಿದಳು.

“ಸರ್, ಗೊಬ್ಬರ ಹಾಕಿದ್ದಕ್ಕ ಏನಾತು ಅನ್ನೂದ ಎಲ್ಲೂ ಇಲ್ಲಲ್ರಿ?”

“ಅದನ್ನ ಖಚಿತವಾಗಿ ಹೇಳೋದು ಅಪ್ರಾಮಾಣಿಕ ಅಲ್ವೇ?”

“ಹೊಲದಾಗ ಗೊಬ್ಬರ ಹಾಕಿದ ಎಂಟೂ ಪಟ್ಟಿಯೊಳಗ, ಪಕ್ಕದ ಹಾಕದ ಪಟ್ಟಿಗಿಂತ ಹತ್ತಿ ಹೆಚ್ಚು ಬಂದದ. ಆರು ಸಲ ತೂಗೀನಿ. ಅದನ್ನ ಹೇಳದಿದ್ರ ಓದಿದವರಿಗೆ ಏನು ಸಿಗತದ್ರಿ?”

ಅವಳು ಕೂಲಿಯವರ ಮಾತನ್ನೂ ಲೇಖಕರ ಕಣ್ಣನ್ನೂ ಹೊಡೆದುಹಾಕಿ, ಮಳೆಯನ್ನೂ ಒಂದೇ ಹೊಲವನ್ನೂ ಉಳಿಸಿ, ಮೇಲೆ ಒಂದೇ ವಾಕ್ಯ ಬರೆದಳು: ಎಂಟು ಜೋಡಿ ಪಟ್ಟಿಗಳಲ್ಲೂ ಗೊಬ್ಬರ ಹಾಕಿದ ಕಡೆ ಹತ್ತಿ ಹೆಚ್ಚು ಬಂದಿದೆ, ಎಷ್ಟು ಹೆಚ್ಚು ಎಂಬ ಅಂಕಿಯ ಸಮೇತ.

ವ್ಯಾಸರಾಜರು ಅದನ್ನು ಎರಡು ಸಲ ಓದಿದರು. “ಇಷ್ಟು ನೇರವಾಗಿ ಹೇಳಿಬಿಡೋದೇ?”

“ನೋಟ್‌ಬುಕ್ಕಿನಾಗ ಇದ್ದದ್ದನ್ನ ಹೇಳಾಕ ಅಂಜಿಕಿ ಯಾಕ್ರಿ?”

ವ್ಯಾಸರಾಜರು ಪೆನ್ನು ತೆಗೆದು, ತಮ್ಮ ಹೆಸರಿನ ಪಕ್ಕದಲ್ಲಿ ದುಂಡಗೆ, ಮೊಟ್ಟಮೊದಲ ಬಾರಿಗೆ, ನೀಲಾಂಬಿಕೆಯ ಹೆಸರು ಬರೆದರು.

“ನಾಳೆ ಯಾರಾದರೂ ತಪ್ಪು ಅಂದರೆ,” ಎಂದರು, “ಇಬ್ಬರೂ ಉತ್ತರ ಕೊಡೋಣ.”