ಮೂರನೆಯ ಸಾಲು

ಸೋಸಲೆ ಊರಿನಲ್ಲಿ ಹಸುವಿನ ವಿಷಯಕ್ಕೆ ಮರಿತಾಯಮ್ಮನ ಮಾತೇ ಕಡೆಯ ಮಾತು. ಆಕೆ ಯಾವುದನ್ನೂ ಹೊಗಳಿದವಳಲ್ಲ. ತೀರಾ ಮೆಚ್ಚಿದರೆ ‘ಪರವಾಗಿಲ್ಲ’ ಅನ್ನುತ್ತಿದ್ದಳು. ಅಷ್ಟು ಹೇಳಿದರೆ ಜನ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು.

ಮಗ ನಿಂಗರಾಜು ನಂಜನಗೂಡಿನ ಒಂದು ಹೊಸ ಪಶು ಆಹಾರದ ಮಿಲ್ಲಿನಲ್ಲಿ ಸೇಲ್ಸ್‌ಮನ್. ಅಕ್ಷರ ದುಂಡಗಿತ್ತು, ಕನ್ನಡ ಚೆನ್ನಾಗಿತ್ತು, ಹಾಗಾಗಿ ಅಂಗಡಿಗಳಲ್ಲಿ ಚೀಲದ ಮುಂದೆ ಸಿಕ್ಕಿಸುವ ಕಾರ್ಡು ಬರೆಯುವ ಕೆಲಸವೂ ಅವನ ಮೇಲೆಯೇ ಬಿತ್ತು. ಮೊದಲ ಕಾರ್ಡಿನಲ್ಲಿ ‘ಮಂಗಳಧಾರೆ ಫೀಡ್: ಮನೆಯಲ್ಲೇ ಹಾಲಿನ ಹೊಳೆ’ ಎಂದು ಬರೆದ. ಟಿ. ನರಸೀಪುರದ ಅಂಗಡಿಗಳಲ್ಲಿ ಒಂದು ಚೀಲವೂ ಕದಲಲಿಲ್ಲ.

“ಒಳೆ ಅರಿಸ್ತೀನಿ ಅನ್ನೋನು ಒಂದ್ ಲೋಟನೂ ಕೊಡಾಕಿಲ್ಲ ಕಣ್ಲಾ,” ಎಂದಳು ಅವ್ವ. “ಹೊಸ ಇಂಡಿ ಅಂದ್ರೆ ಮರಳು ಬೆರ್ಸವ್ರೆ, ಯೂರಿಯಾ ಬೆರ್ಸವ್ರೆ ಅಂತ್ಲೇ ಜನ ನೋಡೋದು.”

ಆದರೂ ಮಗ ತಂದ ಚೀಲವನ್ನು ಆಕೆ ತಳ್ಳಲಿಲ್ಲ. ಒಂದು ಹಿಡಿ ನೀರಲ್ಲಿ ನೆನೆಸಿದಳು, ತಳದಲ್ಲಿ ಮರಳಿದೆಯೇ ಎಂದು ಬೆರಳಾಡಿಸಿದಳು, ಮೂಸಿದಳು. ಆಮೇಲೆ ಹಳೆಯ ಬೂಸಾದ ಜೊತೆ ಒಂದು ಹಿಡಿ, ಎರಡು ದಿನ ಬಿಟ್ಟು ಇನ್ನೊಂದು ಹಿಡಿ, ಹೀಗೆ ಹಸುವಿನ ಹೊಟ್ಟೆ ಒಗ್ಗುವವರೆಗೆ ಕಾದಳು. ತಿಂಗಳು ಕಳೆದ ಮೇಲೆ ಡೈರಿಯಲ್ಲಿ ಹಾಲು ಹಾಕಿ ಬಂದು “ಪರವಾಗಿಲ್ಲ” ಎಂದಳು.

ನಿಂಗರಾಜುವಿಗೆ ಅಷ್ಟೇ ಬೇಕಿತ್ತು. ಅಂದೇ ಕೂತು ಮೂರು ಸಾಲು ಬರೆದು ಅವ್ವನಿಗೆ ಓದಿ ಹೇಳಿದ:

‘ಸೋಸಲೆ ಮರಿತಾಯಮ್ಮನ ಹಸು ತಿನ್ನೋದು ಇದೇ.
ನಂಬಿಕೆ ಬರದಿದ್ದರೆ ಹೋಗಿ ನೋಡಿ.
ಹಳೆ ಮೇವಿನ ಜೊತೆ ಹಿಡಿ ಹಿಡಿಯಾಗಿ ಶುರು ಮಾಡಿ.’

ಓದು ಬಾರದ ಅವ್ವ ಮೂರನೆಯದನ್ನು ಇನ್ನೊಮ್ಮೆ ಓದಿಸಿದಳು. “ಸುಳ್ಳೇನಿಲ್ವಲ್ಲ. ನನ್ನೆಸ್ರು ಆಕ್ಕೋ.”

ಮಿಲ್ಲಿನ ಮ್ಯಾನೇಜರ್ ಸೋಮಶೇಖರ್‌ಗೆ ಮೊದಲ ಎರಡು ಸಾಲು ಬಹಳ ಹಿಡಿಸಿದವು. ಮೂರನೆಯದರ ಮೇಲೆ ಪೆನ್ನು ಎಳೆದರು.

“ಇದು ಬೇಡ. ಮೊದ್ಲೇ ಅನುಮಾನದ ಜನ. ನಿಧಾನ ಅಂತ ನಾವೇ ಬರೆದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ.”

“ಒಂದೇ ಸಲ ಸುರಿದ್ಬಿಟ್ರೆ ಒಟ್ಟೆ ಕೆಡ್ತದೆ ಸಾ.”

“ಚೀಲದ ಹಿಂದೆ ಅಚ್ಚು ಹಾಕಿಸಿದೀವಲ್ಲಪ್ಪ.”

ಒಂದು ಹಸು ಕಟ್ಟಿದವರು ಚೀಲ ಕೊಳ್ಳುವುದಿಲ್ಲ, ಬಾಯಿ ಬಿಚ್ಚಿದ ಚೀಲದಿಂದ ಕೆಜಿ ಲೆಕ್ಕದಲ್ಲಿ ಕವರಿಗೆ ಹಾಕಿಸಿಕೊಂಡು ಬರುತ್ತಾರೆ, ಚೀಲದ ಬೆನ್ನು ಅವರ ಕಣ್ಣಿಗೇ ಬೀಳುವುದಿಲ್ಲ. ಇದು ನಿಂಗರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ “ಆಯ್ತು ಸಾ” ಎಂದ. ಕೆಲಸಕ್ಕಿದ್ದವರು ಹೀಗೇ ಅನ್ನುತ್ತಾರೆ, ಅದಕ್ಕೇ ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ.

ಕಾರ್ಡು ಕೆಲಸ ಮಾಡಿತು. ಜನ ನಿಜವಾಗಿಯೂ ಸೋಸಲೆಗೆ ಬಂದು ಹಸು ನೋಡಿದರು. ಕೇಳಿದವರಿಗೆಲ್ಲ ಮರಿತಾಯಮ್ಮ ಹೇಗೆ ಹಾಕಬೇಕೆಂದು ಹೇಳಿದಳು. ಹಿಂದಿನ ಬೀದಿಯ ರುದ್ರಮ್ಮ ಮಾತ್ರ ಕೇಳಲು ಬರಲಿಲ್ಲ. ದಿನಾ ಕಾಣುವ ಹಸು, ದಿನಾ ಕಾಣುವ ಅಕ್ಕ, ಕೇಳುವುದೇನಿದೆ? ನರಸೀಪುರದ ಅಂಗಡಿಯಲ್ಲಿ ಯಾರೋ ಕಾರ್ಡು ಓದಿ ಹೇಳಿದ್ದೇ ಸಾಕಾಯಿತು. ಅಷ್ಟು ದಿನ ಬರೀ ಹುಲ್ಲು ತಿಂದಿದ್ದ ಹಸುವಿನ ಮುಂದೆ, ಕವರಿನಲ್ಲಿ ತಂದಿದ್ದನ್ನು ಅಂದೇ ಒಂದು ಬಾಂಡ್ಲಿ ತುಂಬ ಸುರಿದಳು. ಹಸು ಬಾಂಡ್ಲಿ ನೆಕ್ಕಿತು. ಅವಳಿಗೆ ಖುಷಿಯಾಗಿ ಇನ್ನಷ್ಟು ಹಾಕಿದಳು.

ಮಾರನೆಯ ದಿನ ಅದು ಮೆಲುಕು ಹಾಕಲಿಲ್ಲ. ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯಿತು. ಡಾಕ್ಟರು ಬರುವಷ್ಟರಲ್ಲಿ ನೆಲ ಹಿಡಿದಿತ್ತು. ‘ಹೊಟ್ಟೆಯಲ್ಲಿ ಹುಳಿ ಏರಿದೆ, ಒಮ್ಮೆಲೇ ಇಷ್ಟು ಹಾಕಬಾರದಿತ್ತು’ ಎಂದು ಬಾಟ್ಲಿ ಏರಿಸಿದರು. ಸಂಜೆಗೆ ಹಸು ಸತ್ತಿತು.

ಮರಿತಾಯಮ್ಮ ಮಗನನ್ನು ಕೂರಿಸಿಕೊಂಡಳು. “ಆ ಕಾರ್ಡ್ ಓದು.”

ಅವನು ಎರಡು ಸಾಲು ಓದಿ ನಿಲ್ಲಿಸಿದ.

“ಮೂರ್ನೇದು?”

“ಜಾಗ ಸಾಲ್ಲಿಲ್ಲ ಕಣವ್ವ.”

“ನನ್ನೆಸ್ರಿಗೆ ಜಾಗ ಇತ್ತು,” ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮರುದಿನ ಆಕೆ ಡೈರಿಗೆ ಹಾಲು ಹಾಕಲು ಹೋದಳು. ಸಾಲಿನಲ್ಲಿ ಹಿಂದೆ ನಿಂತ ಹೆಂಗಸು ಒಂದು ಹೆಜ್ಜೆ ದೂರವೇ ನಿಂತಳು. ಮರಿತಾಯಮ್ಮ ಮನೆಗೆ ಬಂದು ಕ್ಯಾನು ತೊಳೆದು ಬೋರಲು ಹಾಕಿದಳು. ಕೊಟ್ಟಿಗೆಗೆ ಹೋಗಿ ಹಸುವಿನ ಹಗ್ಗ ಬಿಚ್ಚಿದಳು.

“ಅವ್ವ, ಇರೋದೊಂದೇ ಅಲ್ವಾ,” ಎಂದ ನಿಂಗರಾಜು. ಆಕೆ ಹಗ್ಗ ಹಿಡಿದು ಹಿಂದಿನ ಬೀದಿಗೆ ನಡೆದಳು.

ರುದ್ರಮ್ಮನ ಅಂಗಳದ ಗೂಟ ಖಾಲಿಯಿತ್ತು. ರುದ್ರಮ್ಮ ಹಸುವನ್ನು ನೋಡಿದಳು, ಆಕೆಯನ್ನು ನೋಡಿದಳು, ಬೇಡ ಎನ್ನಲಿಲ್ಲ. ಬೇಡ ಎನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮರಿತಾಯಮ್ಮ ತಾನೇ ಗೂಟಕ್ಕೆ ಕಟ್ಟಿ, ಅದರ ಕತ್ತು ಸವರಿದಳು.

“ಇದು ಬೆಳಿಗ್ಗೆ ಬರೀ ನೀರು ಕುಡಿಯಾಕಿಲ್ಲ ಕಣವ್ವ ರುದ್ರಿ. ಮೊದ್ಲು ಒಸಿ ಬೂಸಾ ಕಲಸಿ...”

“ಅಸ ಕೊಟ್ಟಲ್ಲ ಕಣಕ್ಕ, ಸಾಕು,” ಎಂದಳು ರುದ್ರಮ್ಮ. “ಏನಾಕ್ಬೇಕು ಅಂತ ಮಾತ್ರ ನೀ ಏಳ್ಬ್ಯಾಡ.”