ನಾಲ್ಕು ಕೈಗಳು

ಬಿಸಿನೀರಿನ ಬಕೆಟ್ಟಿನೊಳಗೆ ರಾಧಾಮಣಿಯ ಹತ್ತು ಬೆರಳುಗಳೂ ಮುಳುಗಿದ್ದವು. ಒಂದೊಂದನ್ನೇ ಮಡಿಸಲು ನೋಡುತ್ತಿದ್ದಳು. ಅರ್ಧಕ್ಕೆ ಬಂದು ನಿಂತುಬಿಡುತ್ತಿದ್ದವು, ತುಕ್ಕು ಹಿಡಿದ ಬಾಗಿಲ ಚಿಲಕದ ಹಾಗೆ. ಇನ್ನೂ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಡೈರಿಯ ಕ್ಯಾನ್ ತುಂಬಬೇಕಾದದ್ದು ಆರೂವರೆಗೆ. ಐದೂವರೆಗೆ ಹಸುವಿನ ಬಳಿ ಕುಕ್ಕರಗಾಲಲ್ಲಿ ಕೂತರೆ ಸಾಕು. ಅಷ್ಟರೊಳಗೆ ಈ ಕೈ ತನ್ನ ಮಾತು ಕೇಳಿಯೇ ಕೇಳುತ್ತದೆ ಎಂದು ಅವಳಿಗೆ ಐದು ತಿಂಗಳ ಅನುಭವ.

ಹಿತ್ತಲಿನ ಒಲೆಯ ಹೊಗೆ ಮನೆಯೊಳಗೆ ಹೋಗದ ಹಾಗೆ ಬಾಗಿಲು ಮುಚ್ಚಿಕೊಂಡಿದ್ದಳು. ಒಳಗೆ ಗಂಡ ಅಂಜಿನಮೂರ್ತಿ ಗೊರಕೆ ಹೊಡೆಯುತ್ತಿದ್ದ. ಪಡಸಾಲೆಯಲ್ಲಿ ಅತ್ತೆ ಕೆಂಪಕ್ಕ ಕಂಬಳಿ ಹೊದ್ದು ಮಲಗಿದ್ದಳು. ಇಬ್ಬರಿಗೂ ಗೊತ್ತಾಗಬಾರದು. ಅದರಲ್ಲೂ ಅಂಜಿನಮೂರ್ತಿಗೆ ಗೊತ್ತಾಗಲೇಬಾರದು.

ಅವನೇನು ಬೈಯುವವನಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಭಯವಿರುತ್ತಿರಲಿಲ್ಲ. ಕಳೆದ ಯುಗಾದಿಯ ಹೊತ್ತಿಗೆ ಒಮ್ಮೆ ಅವಳ ಕೈಯಿಂದ ಹಾಲಿನ ಚೆಂಬು ಜಾರಿ ಬಿದ್ದಾಗ ಅವನು ನೆಲ ಒರೆಸುತ್ತ ಹೇಳಿದ್ದ: “ಬುಡು ಅತ್ಲಾಗೆ. ನಲವತ್ತೆಂಟಾಯ್ತು ನಿಂಗೆ. ಹಾಲು ಕರ್ದೂ ಕರ್ದೂ ಕೈ ಸವ್ದೋಗೈತೆ. ಎರಡು ಹಸೂನೂ ಮಾರ್ಬುಡಾನ. ನಂಗೆ ಕುರಿ ಸಾಕು. ನಿನ್ ಕೈಗಿಂತ ಹಸ ಹೆಚ್ಚಾ?”

ಅಷ್ಟು ಪ್ರೀತಿಯಿಂದ ಹೇಳಿದ ಮಾತಿಗೆ ಏನೆಂದು ಎದುರು ಹೇಳುವುದು? ಹಸು ಅವಳವು. ಹನ್ನೊಂದು ವರ್ಷದ ಹಿಂದೆ ಒಂದು ಕರುವಿನಿಂದ ಶುರುಮಾಡಿದ್ದು. ಮಹಿಳಾ ಡೈರಿಯಲ್ಲಿ ಅವಳ ಹೆಸರಿನ ಮುಂದೆ ನಂಬರ್ ಇದೆ. ಬೆಳಿಗ್ಗೆ, ಸಂಜೆ ಅಲ್ಲಿ ನಾಲ್ಕು ಹೆಂಗಸರ ಜೊತೆ ನಗು, ಜಗಳ, ಫ್ಯಾಟು ಎಷ್ಟು ಬಂತೆಂಬ ಪೈಪೋಟಿ. ಆ ಕ್ಯಾನು ಹಿಡಿದು ಬೀದಿಯಲ್ಲಿ ನಡೆಯುವಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಹಸು ಹೋದರೆ ಅದೂ ಹೋಯಿತು.

ಆದ್ದರಿಂದ ನಾಲ್ಕು ಗಂಟೆ. ಆದ್ದರಿಂದ ಬಿಸಿನೀರು.

*

ಆ ಗುರುವಾರ ಕೆಂಪಕ್ಕನ ಬಿ.ಪಿ. ಮಾತ್ರೆ ತರಲು ಮಧುಗಿರಿಗೆ ಹೋಗುವುದಿತ್ತು. ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಅತ್ತೆಯನ್ನು ಸಾಲಿನಲ್ಲಿ ಕೂರಿಸುವುದು ರಾಧಾಮಣಿಯ ಕೆಲಸ. ಬಸ್ಸಿನಲ್ಲಿ ಕಂಬಿ ಹಿಡಿಯುವುದು ಕಷ್ಟವಾಯಿತು. ಮೊಳಕೈಯಲ್ಲೇ ಕಂಬಿಯನ್ನು ತಬ್ಬಿಕೊಂಡಳು. ಅತ್ತೆ ಓರೆಗಣ್ಣಿನಲ್ಲಿ ನೋಡಿದಳು.

ಡಾಕ್ಟರ್ ಸಂಘಮಿತ್ರಾ ಮೂವತ್ತು ದಾಟದ ಹುಡುಗಿ. ಆಸ್ಪತ್ರೆಗೆ ಬಂದು ಒಂದು ವರ್ಷವಾಗಿರಬಹುದು. ಕೆಂಪಕ್ಕನಿಗೆ ಅವಳನ್ನು ಕಂಡರೆ ಸಲಿಗೆ. ಬಿ.ಪಿ. ಪಟ್ಟಿ ಬಿಚ್ಚುತ್ತಿದ್ದಂತೆಯೇ ಮುದುಕಿ ತನ್ನ ಎರಡು ಕೈಗಳನ್ನೂ ಮೇಜಿನ ಮೇಲೆ ಹರಡಿದಳು.

“ನೋಡು ಡಾಕ್ಟ್ರಮ್ಮ, ಹೆಂಗಾಗವೆ. ರಾಗಿ ಬೀಸಿ, ಉಣ್ಣೆ ನೂತು, ಒಂದೊಂದು ಬೆರಳ ತುದೀಲೂ ಹುಣ್ಸೆಬೀಜ ಇಟ್ಟಂಗೆ ಗಂಟು. ಒಂದು ಮುಲಾಮು ಬರ್ಕೊಡು.”

ಡಾಕ್ಟರ್ ಗಂಟುಗಳನ್ನು ಒತ್ತಿ ನೋಡಿದಳು. “ನೋವು ಯಾವಾಗ ಜಾಸ್ತಿ, ಅಜ್ಜಿ?”

“ಕೆಲ್ಸ ಮಾಡ್ದಾಗ. ಸುಮ್ಕೆ ಕೂತ್ರೆ ಏನಿಲ್ಲ. ಬೆಳಗ್ಗೆ ಎದ್ದಾಗ ವಸಿ ಹಿಡ್ಕಂಡಿರ್ತೈತೆ. ಮಕ ತೊಳ್ಯೋಷ್ಟ್ರಲ್ಲಿ ಬುಟ್ಕತೈತೆ.” ಕೆಂಪಕ್ಕ ಸೊಸೆಯ ಕಡೆ ಗದ್ದ ಎತ್ತಿದಳು. “ಇವಳ್ಗೂ ಇದೇ. ನಮ್ಮನೆ ಹೆಂಗಸ್ರ ಕೈಯೇ ಇಂಗೆ.”

ರಾಧಾಮಣಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. “ನಂಗೇನಿಲ್ಲ ಮೇಡಮ್.”

“ನಿಮಗೆ ಬೆಳಿಗ್ಗೆ ಬಿಗಿ ಎಷ್ಟು ಹೊತ್ತು ಇರುತ್ತೆ?”

“ಐದು ನಿಮಿಷ. ಹಾಲು ಕರ್ಯಕ್ಕೆ ಕೂತ್ನಾ, ನಾಕು ಸಲ ಎಳ್ಯೋಷ್ಟ್ರಲ್ಲಿ ಸರಿಹೋಗ್ತೈತೆ.”

ಅವಳು ಸುಳ್ಳು ಹೇಳಿರಲಿಲ್ಲ. ಡೈರಿಗೆ ಹಾಲು ಹಾಕುವವರ ದಿನ ಶುರುವಾಗುವುದೇ ಕೆಚ್ಚಲಿಗೆ ಕೈ ಹಚ್ಚಿದಾಗ. ಅದಕ್ಕೂ ಮುಂಚಿನದು ಲೆಕ್ಕಕ್ಕೆ ಬರುವ ಹೊತ್ತಲ್ಲ. ಡಾಕ್ಟರ್ ತಲೆಯಾಡಿಸಿ ಪೆನ್ನು ತೆಗೆದುಕೊಂಡಳು. ಹೊರಗೆ ಸಾಲು ಬಾಗಿಲವರೆಗೂ ಬಂದಿತ್ತು. ರಾಧಾಮಣಿಗೆ ಉಸಿರು ಬಂದಂತಾಯಿತು.

“ಸುಳ್ಳಿ!” ಎಂದಳು ಕೆಂಪಕ್ಕ.

ಪೆನ್ನು ನಿಂತಿತು.

“ನಾಕು ಗಂಟ್ಗೇ ಎದ್ದು ಬಿಸ್ನೀರಾಗೆ ಕೈ ಅದ್ಕಂಡು ಕೂರ್ತಾಳೆ ಕಣವ್ವ ಇವಳು! ನಾನು ಮಲ್ಗಿದೀನಿ ಅಂದ್ಕಂಡವ್ಳೆ. ಮುದ್ಕೀರಿಗೆ ಎಲ್ಲಿ ನಿದ್ದೆ? ಒಂದೂವರೆ ಗಂಟೆ ಬಕೆಟ್ಟಿನ ಮುಂದೆ. ಆಮ್ಯಾಕೆ ಬಂದು ಐದು ನಿಮಿಷ ಅಂತೆ, ಐದು ನಿಮಿಷ!”

“ಅತ್ತೆ!”

“ಏನ್ ಅತ್ತೆ? ನಿನ್ ಕಷ್ಟ ನೀನೇ ಹೇಳ್ಕಂತೀಯ ಅಂತ ಐದು ತಿಂಗ್ಳಿಂದ ಬಾಯಿ ಮುಚ್ಕಂಡಿದ್ದೆ. ಬಾಯಿ ನೋಯ್ತಾ ಐತೆ ನಂಗೆ.”

ಡಾಕ್ಟರ್ ನಗು ತಡೆಯಲಾರದೆ ನಕ್ಕಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ನಾನೇ ಸರಿಯಾಗಿ ಕೇಳಲಿಲ್ಲ ಅಮ್ಮ. ಕಣ್ಣು ಬಿಟ್ಟ ಹೊತ್ತಿನಿಂದ ಲೆಕ್ಕ ಹಾಕಬೇಕು, ಕೆಲಸ ಶುರುಮಾಡಿದ ಹೊತ್ತಿನಿಂದಲ್ಲ. ಕೈ ಇಡಿ ಇಲ್ಲಿ.”

ಮೇಜಿನ ಮೇಲೆ ನಾಲ್ಕು ಕೈಗಳಾದವು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ದುಡಿದ ಕೈಗಳು ಹಾಗೆ ಪಕ್ಕಪಕ್ಕ ಕೂತದ್ದು ಅದೇ ಮೊದಲು. ಡಾಕ್ಟರ್ ಮೊದಲು ಅತ್ತೆಯ ಬೆರಳ ತುದಿಯ ಕೀಲನ್ನು ಮುಟ್ಟಿ ತೋರಿಸಿದಳು. “ನೋಡಿ, ಕಲ್ಲಿನ ಹಾಗೆ ಗಟ್ಟಿ. ಎಲುಬೇ ಬೆಳೆದಿರೋದು. ಉಗುರಿನ ಹತ್ತಿರದ ಕೀಲಲ್ಲೇ ಜಾಸ್ತಿ.” ಆಮೇಲೆ ರಾಧಾಮಣಿಯ ಬೆರಳ ನಡುಗೀಲುಗಳು, ಅಂಗೈಗೆ ಬೆರಳು ಸೇರುವ ಗೆಣ್ಣುಗಳು. “ನಿಮ್ಮದು ಇಲ್ಲಿ. ತುದಿಯಲ್ಲಿ ಏನೂ ಇಲ್ಲ. ಊತ ಮೆತ್ತಗಿದೆ, ಬೆಚ್ಚಗಿದೆ. ಎರಡು ಕೈಯಲ್ಲೂ ಒಂದೇ ಥರ. ಮಣಿಕಟ್ಟೂ ಊದಿದೆ.” ಅಂಗೈಯನ್ನು ಎರಡು ಪಕ್ಕದಿಂದ ಮೆಲ್ಲಗೆ ಅದುಮಿದಾಗ ರಾಧಾಮಣಿಯ ಬಾಯಿಂದ “ಅಯ್ಯಪ್ಪಾ!” ಎಂದು ಬಂದುಬಿಟ್ಟಿತು.

“ಕೆಲಸ ಮಾಡಿದರೆ ಜಾಸ್ತಿಯಾಗುತ್ತೋ, ಕಡಿಮೆಯಾಗುತ್ತೋ?”

“ಆಡ್ತಾ ಆಡ್ತಾ ಸಡ್ಲ ಆಗ್ತೈತೆ. ಸುಮ್ಮನೆ ಕೂತ್ರೇನೇ ಹಿಡ್ಕಂಬುಡೋದು.”

ಡಾಕ್ಟರ್ ನಿಧಾನವಾಗಿ ಹೇಳಿದಳು. ಅಜ್ಜಿಯದು ಸವಕಳಿ. ವಯಸ್ಸಿಗೂ ದುಡಿಮೆಗೂ ಬರುವಂಥದ್ದು. ರಾಧಾಮಣಿಯದು ಬೇರೆಯೇ ಇರಬೇಕು. ರುಮಟಾಯ್ಡ್ ಎನ್ನುವ ಸಂಧಿವಾತ. ಮೈಯನ್ನು ಕಾಯಬೇಕಾದ ಕಾವಲೇ ತಪ್ಪು ತಿಳಿದು ಕೀಲಿನ ಒಳಪದರದ ಮೇಲೆ ಬೀಳುವುದು. ರಕ್ತ ಪರೀಕ್ಷೆ, ಎಕ್ಸ್‌ರೇ ಆಗಬೇಕು. ತುಮಕೂರಿನಲ್ಲಿ ಕೀಲಿನ ತಜ್ಞರಿದ್ದಾರೆ, ಚೀಟಿ ಕೊಡುತ್ತೇನೆ. ತಡಮಾಡಿದರೆ ಬೆರಳು ಸೊಟ್ಟಗಾಗಿ ಹಾಗೇ ನಿಂತುಬಿಡಬಹುದು. ಬೇಗ ಶುರುಮಾಡಿದರೆ ಹಿಡಿತಕ್ಕೆ ತರುವ ಔಷಧಿ ಇದೆ.

ರಾಧಾಮಣಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮನಸ್ಸು ಮಾತ್ರ ಒಂದೇ ಕಡೆ ನಿಂತಿತ್ತು.

“ಅಂಗಾದ್ರೆ ಮೇಡಮ್, ಇದು ಹಾಲು ಕರ್ದಿದ್ದಕ್ಕೆ ಬಂದಿದ್ದಲ್ವಾ?”

“ಅಲ್ಲ.”

“ಹಸ ಮಾರಿದ್ರೆ ವಾಸಿ ಆಗಲ್ವಾ?”

“ಹಸುಗೂ ಇದಕ್ಕೂ ಏನು ಸಂಬಂಧ? ಊತ ಜಾಸ್ತಿ ಇದ್ದ ದಿನ ಕೀಲಿಗೆ ಸ್ವಲ್ಪ ಬಿಡುವು ಕೊಡಿ. ಮಿಕ್ಕ ದಿನ ಕೈ ಆಡಿಸ್ತಾನೇ ಇರಬೇಕು.”

ರಾಧಾಮಣಿ ನಗತೊಡಗಿದಳು. ಮೊದಲು ಸೆರಗಿನಲ್ಲಿ, ಆಮೇಲೆ ಬಾಯಿತುಂಬ. ಕಣ್ಣಲ್ಲಿ ನೀರು ಬರುವಷ್ಟು.

“ಏನಮ್ಮ ಇದು,” ಎಂದಳು ಡಾಕ್ಟರ್ ಬೆರಗಾಗಿ. “ದೊಡ್ಡ ಕಾಯಿಲೆ ಅಂತ ಹೇಳಿದ್ರೆ ಲಾಡು ಕೊಟ್ಟ ಹಾಗೆ ನಗ್ತಾ ಇದೀರ!”

ಕೆಂಪಕ್ಕ ಮುಖ ಊದಿಸಿಕೊಂಡಿದ್ದಳು. “ಎಪ್ಪತ್ತೆರಡು ವರ್ಸ ಬೀಸಿ, ಕುಟ್ಟಿ ನಂಗೆ ಬರೀ ಸವಕಳಿ. ಇವಳ್ಗೆ ತುಮ್ಕೂರು ಡಾಕ್ಟ್ರು!”

“ನಿಮಗೆ ಮುಲಾಮು ಇದೆ ಅಜ್ಜಿ. ಬಿಸಿನೀರಿನ ಬಕೆಟ್ಟೂ ಇದೆ.”

*

ತುಮಕೂರಿನ ವರದಿಗಳು ಸಂಘಮಿತ್ರಾ ಹೇಳಿದ್ದನ್ನೇ ಹೇಳಿದವು. ತಜ್ಞರು ವಾರಕ್ಕೊಂದೇ ದಿನ ನುಂಗುವ ಮಾತ್ರೆ ಬರೆದರು, ಮಾರನೆಯ ದಿನಕ್ಕೆ ಫೋಲಿಕ್ ಆಸಿಡ್‌. ಮೊದಲ ಕೆಲವು ವಾರ ಊತ ತಗ್ಗಿಸಲು ಸಣ್ಣದೊಂದು ಮಾತ್ರೆ. ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. “ವಾರಕ್ಕೊಂದು ದಿನ. ಮರೆತು ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ,” ಎಂದು ಮೂರು ಸಲ ಹೇಳಿ ಕಳಿಸಿದರು.

ಕೆಂಪಕ್ಕ ಆ ಮಾತ್ರೆಯ ಹಾಳೆಯನ್ನು ತನ್ನ ಬಿ.ಪಿ. ಮಾತ್ರೆಯ ಡಬ್ಬಿಯ ಹತ್ತಿರಕ್ಕೂ ಬಿಡಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿ ತನ್ನ ಟ್ರಂಕಿನೊಳಗೆ ಇಟ್ಟಳು. ಸೋಮವಾರ ಉಂಡಾದ ಮೇಲೆ ಬೀಗ ತೆಗೆದು ಪ್ರಸಾದ ಹಂಚುವವಳ ಹಾಗೆ ಎಣಿಸಿ ಕೊಡುತ್ತಿದ್ದಳು. “ಬಾಯಿ ತೆರಿ. ನುಂಗ್ದಾ? ನಾಲ್ಗೆ ತೋರ್ಸು.”

ಗಂಡನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅಂಜಿನಮೂರ್ತಿ ಬಹಳ ಹೊತ್ತು ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಕೂತ. “ನಾಕು ಗಂಟ್ಗೆ ಎದ್ದೇಳ್ತಿದ್ದೆಯಾ? ನಾನೇನು ಹುಲಿಯಾ, ಕರಡಿಯಾ?”

“ಹಸ ಮಾರ್ತೀನಿ ಅಂದಿದ್ರಲ್ಲ.”

“ಅಂದಿದ್ದೆ,” ಎಂದ. ತಲೆ ಕೆರೆದುಕೊಂಡ. “ಮಾರ್ಬೇಡ ಅನ್ನಕ್ಕೆ ನಿಂಗೂ ಬಾಯಿತ್ತಲ್ಲ.”

ಮಾತ್ರೆ ಕೆಲಸ ಮಾಡುವವರೆಗೆ ಬೆಳಗಿನ ಹಾಲು ತಾನೇ ಕರೆಯುತ್ತೇನೆಂದು ಹೊರಟ. ಕುರಿಯ ಕೈ ಅವನದು. ಸೀಮೆಹಸು ಮೊದಲ ದಿನ ಅವನ ಲುಂಗಿಗೆ ಗಂಜಲ ಹೊಯ್ದಿತು, ಎರಡನೆಯ ದಿನ ಬಕೆಟ್ಟು ಒದೆಯಿತು. ಮೂರನೆಯ ದಿನ ಅವನು ರಾಧಾಮಣಿಯ ಹಳೆಯ ಸೀರೆಯನ್ನು ಮೈಗೆ ಸುತ್ತಿಕೊಂಡು ಕೂತ. ವಾಸನೆಗೆ ಮರುಳಾಗಿ ಹಸು ಸೊರೆಬಿಟ್ಟು ಹಾಲಿಳಿಸಿತು. ಡೈರಿಯ ಹೆಂಗಸರಿಗೆ ಆ ಸುದ್ದಿಯನ್ನು ಕೆಂಪಕ್ಕನೇ ಹೋಗಿ ಮುಟ್ಟಿಸಿ ಬಂದಳು.

ಮೊದಲ ತಿಂಗಳು ಆ ಸಣ್ಣ ಮಾತ್ರೆಯ ಬಲದಲ್ಲಿ ಕಳೆಯಿತು. ಅದನ್ನು ಇಳಿಸುತ್ತ ಬಂದಾಗ ಬಿಗಿತ ಮತ್ತೆ ತಲೆ ಹಾಕಿತು. ರಾಧಾಮಣಿ ಹೆದರಿದಳು. “ಕಾಯಿರಿ, ಇದು ನಿಧಾನಕ್ಕೆ ಹತ್ತೋ ಔಷಧಿ,” ಎಂದು ಸಂಘಮಿತ್ರಾ ಫೋನಿನಲ್ಲಿ ಧೈರ್ಯ ಹೇಳಿದಳು. ಎರಡನೆಯ ತಿಂಗಳ ಕೊನೆಗೆ ಬಿಗಿತ ಮುಕ್ಕಾಲು ಗಂಟೆಗೆ ಇಳಿಯಿತು. ಆಮೇಲೆ ಅರ್ಧ ಗಂಟೆ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಗಾಬರಿಯಿಂದ ಎದ್ದು ಕೂತು, ಜಾರಿದ್ದ ಕೂದಲನ್ನು ಎತ್ತಿ ಗಂಟು ಹಾಕಿಕೊಂಡಳು. ಹಾಕಿಕೊಂಡ ಮೇಲೆ ಗೊತ್ತಾಯಿತು, ಅದನ್ನು ಹಾಕಿಕೊಂಡದ್ದು ತನ್ನ ಕೈಯೇ ಎಂದು. ಬಿಚ್ಚಿ ಮತ್ತೊಮ್ಮೆ ಹಾಕಿಕೊಂಡಳು. ಸುಮ್ಮನೆ, ಆಸೆಗೆ.

ಅಂದು ಬೆಳಿಗ್ಗೆ ಅವಳೇ ಹಸುವಿನ ಬಳಿ ಕೂತಳು. ಹಾಲು ಬಕೆಟ್ಟಿನ ತಳಕ್ಕೆ ಚರ್‍ರೆಂದು ಬಿತ್ತು. ಇನ್ನೂ ಒಂದೆರಡು ಗೆಣ್ಣು ಚುರುಗುಟ್ಟುತ್ತಿದ್ದವು. ಇರಲಿ. ಮಾತ್ರೆ ವರ್ಷಗಟ್ಟಲೆ ಬೇಕು ಎಂದಿದ್ದಾರೆ. ಅದೂ ಇರಲಿ.

ಅಂಜಿನಮೂರ್ತಿ ಹಲ್ಲುಜ್ಜುತ್ತ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿದ. “ಶಿರಾದೋರು ಯಾರೋ ನಮ್ ಹೆಣ್ಗರ ಕೇಳ್ತಾವ್ರಂತೆ. ದಲ್ಲಾಳಿ ರಂಗೇಶ ಹೇಳ್ದ. ಇನ್ನು ಆರು ತಿಂಗ್ಳಿಗೆ ಗಬ್ಬ ಕಟ್ತೈತೆ. ಕೊಡಾದಾ, ಇಟ್ಕಳಾದಾ? ನಿನ್ನಿಷ್ಟ.”

ಕರು ಗೂಟದ ಬಳಿ ನಿಂತು ಅವಳ ಬೆನ್ನಿಗೆ ಮೂತಿ ಉಜ್ಜುತ್ತಿತ್ತು. ಗೋಡೆಯ ಆ ಪಕ್ಕದಲ್ಲಿ ಇನ್ನೊಂದು ಗೂಟಕ್ಕೆ ಜಾಗವಿದೆಯೇ ಎಂದು ರಾಧಾಮಣಿ ಕಣ್ಣಲ್ಲೇ ಅಳೆದಳು. ಗೊಬ್ಬರದ ಪುಟ್ಟಿಗಳನ್ನು ಈಚೆಗೆ ತಂದರೆ ಇದೆ. ಮೂರು ಹಸು. ಕೊಡುವ ಮಾತೇ ಇಲ್ಲ.

“ಏನಂತೀಯ?” ಎಂದ ಅವನು.

“ಮಕ ತೊಳ್ಕಳಿ ಮೊದ್ಲು. ನೊರೆ ಗಡ್ಡಕ್ಕಿಳೀತಾ ಐತೆ,” ಎಂದಳು ರಾಧಾಮಣಿ, ಕೈ ನಿಲ್ಲಿಸದೆ.