ಕರೆ ಮಾಡಬೇಡಿ ಎಂದು ಬರೆದ ಸಾಲು

ಆ ಸಾಲು ಬರೆದವಳು ನಾನೇ. ಗೋದಾಮು ನಡೆಸುವ ಶಿವಶಂಕರ ಸರ್ ಹೇಳಿದ್ದರಲ್ಲಿ ಅದು ಇರಲಿಲ್ಲ.

ಸೊರಬದ ನಮ್ಮ ಗೋದಾಮಿನಲ್ಲಿ ನಾನು ಮೆಣಸು ಆರಿಸುತ್ತೇನೆ. ಮೊಬೈಲ್ ಬಳಸಲು ಚೆನ್ನಾಗಿ ಬರುತ್ತದೆಂದು ಆನ್‌ಲೈನಿನಲ್ಲಿ ಮಾರಾಟದ ಪೋಸ್ಟ್ ಹಾಕುವ ಕೆಲಸವೂ ನನಗೇ ಬಂತು. ಸರ್ ತಕ್ಕಡಿಯ ಪಕ್ಕ ನಿಂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

"ಸಗಟು ಖರೀದಿದಾರರಿಗೆ ಮಾತ್ರ ಅಂತ ಮೊದಲು ಹಾಕು. ಕಾಳುಮೆಣಸು, ಲೀಟರಿಗೆ ಐನೂರೈವತ್ತು ಗ್ರಾಂ ತೂಕ, ತೇವ ಶೇಕಡಾ ಹನ್ನೆರಡಕ್ಕಿಂತ ಕಮ್ಮಿ. ಕನಿಷ್ಠ ಆರ್ಡರ್ ಒಂದು ಟನ್. ಸ್ಯಾಂಪಲ್ ಕಳಿಸ್ತೀವಿ. ರಫ್ತು ಲೈಸೆನ್ಸ್ ಇದೆ. ಕೆಳಗೆ ಆಫೀಸ್ ನಂಬರ್."

ಆಫೀಸ್ ನಂಬರಿನ ಫೋನು ಇರುವುದು ನನ್ನ ಹತ್ತಿರ. ಗೊತ್ತಿಲ್ಲದವರ ಕರೆ ಬಂದರೆ ಎತ್ತಲು ನನಗೆ ಹೆದರಿಕೆ. ಹಿಂದಿಯಲ್ಲಿ ಕೇಳಿದರೆ ಇನ್ನೂ ಕಷ್ಟ. ಸರ್ ಅತ್ತ ಹೋದಮೇಲೆ ನಂಬರಿನ ಕೆಳಗೆ ಸೇರಿಸಿದೆ: ದಯವಿಟ್ಟು ಕರೆ ಮಾಡಬೇಡಿ, ವಾಟ್ಸ್ಆ್ಯಪ್ ಸಂದೇಶ ಮಾತ್ರ. ಪೋಸ್ಟನ್ನು ಇಂಗ್ಲಿಷಿಗೆ ಮೊಬೈಲೇ ಅನುವಾದಿಸಿಕೊಟ್ಟಿತು. ಸಂದೇಶವಾದರೆ ಯೋಚಿಸಿ ಉತ್ತರ ಬರೆಯಬಹುದಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಒಂದು ಟನ್ ಅಂದರೆ ಐವತ್ತು ಕೆಜಿಯ ಇಪ್ಪತ್ತು ಚೀಲ. ಒಬ್ಬರ ಹತ್ತಿರ ಅಷ್ಟು ಇರುವುದಿಲ್ಲ. ಎಂಟು ಮನೆಯವರ ಮೆಣಸು ಕೂಡಿಸಿ ಒಂದು ಲಾಟ್ ಮಾಡುತ್ತೇವೆ, ಮಾರಿದ ಮೇಲೆ ಹಂಚುತ್ತೇವೆ. ಕೊನೆಯ ಮೂರು ಚೀಲ ಜಡೆ ಊರಿನ ಶೇಷಕ್ಕನದು. ಅದನ್ನು ಕೇಳಿ ಒಬ್ಬ ವ್ಯಾಪಾರಿ ಅವರ ಅಂಗಳಕ್ಕೇ ಬಂದಿದ್ದ.

"ಕೊಟ್ಟುಬಿಡ್ಲೇನೇ ತೃಪ್ತಿ?" ಎಂದು ಅವರು ನನ್ನನ್ನು ಕೇಳಿದ್ದರು.

"ಬೇಡ ಶೇಷಕ್ಕ, ಪೋಸ್ಟ್ ಹಾಕಿದೀನಿ. ಹದಿನೈದು ದಿನದಲ್ಲಿ ಹೋಗುತ್ತೆ."

ಅವರು ಬಸ್ಸಿನಲ್ಲೇ ಮೂರು ಚೀಲ ಹಾಕಿಸಿಕೊಂಡು ಬಂದರು.

ಇಪ್ಪತ್ತು ದಿನವಾದರೂ ಒಂದು ಕರೆಯೂ ಬರಲಿಲ್ಲ. ನಾಲ್ಕು ಸಂದೇಶ ಬಂದವು, ಅದರಲ್ಲೂ ಎರಡು ಬರೀ ಐದೈದು ಕೆಜಿ ಕೇಳುವವರದು. ಮೇ ಮುಗಿಯುತ್ತ ಬಂತು. ಜೂನಿನ ತೇವ ಹಿಡಿದರೆ ಮೆಣಸಿಗೆ ಬೂಸ್ಟು ಬರುತ್ತದೆ.

"ಈ ಸಲ ಯಾರಿಗೂ ಬೇಡ ಅಂತ ಕಾಣುತ್ತೆ," ಎಂದರು ಸರ್. "ಬೇಕಾದವರು ವಾಪಸ್ ತಗೊಂಡು ಹೋಗ್ಲಿ, ನಾನು ತಡೆಯಲ್ಲ."

ಶೇಷಕ್ಕ ಬಂದು ಚೀಲ ಹೊರಿಸಿಕೊಂಡರು. ನನ್ನನ್ನು ಬೈಯಲಿಲ್ಲ. "ನೀನೇನ್ ಮಾಡ್ತಿ ಮಗಾ, ಕೊಳ್ಳೋರು ಬರ್ಬೇಕಲ್ಲ," ಎಂದು ನನ್ನ ಬೆನ್ನು ಸವರಿ ಹೋದರು. ಆ ಕೈ ಬೆನ್ನ ಮೇಲೆ ಉಳಿದುಬಿಟ್ಟಿತು. ಮೊರ ಹಿಡಿದರೂ ಕೈ ಓಡಲಿಲ್ಲ.

ಮೂರು ದಿನದ ಮೇಲೆ, ಸ್ಯಾಂಪಲ್ ತರಿಸಿಕೊಂಡಿದ್ದ ಹುಬ್ಬಳ್ಳಿಯ ಒಬ್ಬರು ಬರೆದರು: ನಿಮ್ಮ ಮೆಣಸು ಹಿಡಿಸಿತ್ತು. ಟನ್ನಿನ ವ್ಯವಹಾರ, ಮಾತಾಡದೆ ಹೇಗೆ ಮಾಡುವುದು? ಬೇರೆ ಕಡೆ ತೆಗೆದುಕೊಂಡೆವು.

ಆ ಸಂದೇಶ ಅಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಅಲ್ಲಿಗೇ ಹೋಗಿತ್ತು ಕೂಡ. ಆಮೇಲೆ ಸರ್ ಮುಂದೆ ಹೋಗಿ ಆ ಸಂದೇಶವನ್ನೂ ನಮ್ಮ ಪೋಸ್ಟನ್ನೂ ತೋರಿಸಿದೆ.

ಅವರು ಎರಡು ಸಲ ಓದಿದರು. "ಈ ಸಾಲು ನಾನು ಹೇಳಿದ್ನಾ?"

"ಇಲ್ಲ ಸರ್. ನಾನೇ ಹಾಕಿದ್ದು. ಫೋನ್ ಎತ್ತಕ್ಕೆ ಹೆದರಿಕೆ."

"ನನಗೆ ಹೇಳಿದ್ರೆ ಆಗಿತ್ತಲ್ಲ. ನಾನೇ ಎತ್ತುತ್ತಿದ್ದೆ." ಅಷ್ಟೇ ಅಂದರು. ಹೌದು, ಅಷ್ಟು ಹೇಳಿದ್ದರೆ ಸಾಕಿತ್ತು.

ಸಾಲು ತೆಗೆದೆ. ಮಾರನೆಯ ಬೆಳಿಗ್ಗೆ ಪುಣೆಯಿಂದ ಕರೆ ಬಂತು, ಸರ್ ಮಾತಾಡಿದರು. ಅವರಿಗೆ ಒಂದು ಟನ್ ಪೂರ್ತಿ ಬೇಕು. ನಮ್ಮಲ್ಲಿ ಇದ್ದದ್ದು ಹದಿನೇಳು ಚೀಲ.

ಜಡೆಯ ಬಸ್ಸು ಹತ್ತಿದೆ. ಶೇಷಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೂಲೆಯಲ್ಲಿ ಖಾಲಿ ಚೀಲಗಳನ್ನು ಮಡಿಚಿಟ್ಟಿದ್ದು ಕಂಡಿತು. ಕೇಳುವ ಮೊದಲೇ ಗೊತ್ತಾಯಿತು.

"ಮೊನ್ನೆ ಆ ವ್ಯಾಪಾರಿಗೇ ಕೊಟ್ಟೆ ಮಗಾ. ಅವ್ನು ಮೊದ್ಲು ಹೇಳಿದ ರೇಟು ಕೊಡ್ಲಿಲ್ಲ. ಸೊರಬದಿಂದ ತಿರುಗಿ ಬಂದ ಮಾಲು ಅಂತ ಮುರಿದ."

ನಿಂತೇ ಹೇಳಿದೆ. ಹೆದರಿಕೆ, ಆ ಸಾಲು, ಹುಬ್ಬಳ್ಳಿಯವರು, ಎಲ್ಲ. ಅವರ ಕೈ ಮೊರದಲ್ಲೇ ನಿಂತಿತು.

"ಹಂಗಾದ್ರೆ ಕೊಳ್ಳೋರು ಇದ್ರು," ಎಂದರು.

"ಇದ್ರು."

ಅವರು ಮೊರ ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ, ರೂಢಿಯಂತೆ ನನ್ನ ಕೈಚೀಲದಲ್ಲೇ ಉಳಿದಿದ್ದ ಆಫೀಸ್ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅದು ನಿಲ್ಲಲಿ ಎಂದು ಕಾಯುತ್ತಿದ್ದೆ.

"ಎತ್ತು," ಎಂದರು ಶೇಷಕ್ಕ. ನನ್ನ ಮುಖ ನೋಡಲಿಲ್ಲ. "ಬೇರೆಯೋರ ಹದಿನೇಳು ಚೀಲ ಇನ್ನೂ ಅಲ್ಲೇ ಅದಾವಲ್ಲ."

ಎತ್ತಿದೆ. ಆ ಕಡೆಯ ದನಿ ಮೆಣಸಿನ ತೂಕ ಕೇಳಿತು, ಲಾಟ್ ಪೂರ್ತಿ ಇದೆಯೇ ಎಂದು ಕೇಳಿತು.

"ಇಲ್ಲ ಸರ್," ಎಂದೆ. "ಮೂರು ಚೀಲ ಕಮ್ಮಿ ಇದೆ. ಅದು ನನ್ನಿಂದ ಆಗಿದ್ದು."

ಶೇಷಕ್ಕ ಮತ್ತೆ ಅಕ್ಕಿ ಆರಿಸತೊಡಗಿದರು.